ಸ್ಟೂಲಿನ ಕಾಲಿಗೆ ಟೋಪಿ: ಏಳನೆಯ ತರಗತಿಯ ಮಕ್ಕಳ ಮೊದಲ ಮೂರು ಆಯಾಮದ ವಿನ್ಯಾಸದಲ್ಲಿ ದುಂಡು ತೂತು ಏಕೆ ಹಿಡಿಸಲಿಲ್ಲ?

ವಿಜ್ಞಾನ ಶಿಕ್ಷಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಅಟಲ್ ಟಿಂಕರಿಂಗ್ ಲ್ಯಾಬಿನ ಹೊಣೆಯೂ ನನ್ನದೇ. ಈ ವರ್ಷ ಏಳನೆಯ ತರಗತಿಯ 32 ಮಕ್ಕಳಿಗೆ ಟಿಂಕರ್‌ಕ್ಯಾಡ್ ಕಲಿಸುತ್ತಿದ್ದೇನೆ. ಅದು ಬ್ರೌಸರಿನಲ್ಲಿಯೇ ತೆರೆದುಕೊಳ್ಳುವುದರಿಂದ ನಮ್ಮ ಹಳೆಯ ಕಂಪ್ಯೂಟರುಗಳಲ್ಲಿ ಏನನ್ನೂ ಸ್ಥಾಪಿಸಬೇಕಾಗಲಿಲ್ಲ. ನಾನು ತರಗತಿಯೊಂದನ್ನು ತೆರೆದು ಕೊಟ್ಟ ಸಂಕೇತ ಮತ್ತು ಅಡ್ಡಹೆಸರಿನಿಂದಲೇ ಮಕ್ಕಳು ಒಳಗೆ ಹೋಗುವುದರಿಂದ ಅವರಿಗೆ ಇಮೇಲ್ ಕೂಡ ಬೇಕಾಗಲಿಲ್ಲ. ಹನ್ನೊಂದು ಕಂಪ್ಯೂಟರುಗಳಿದ್ದು, ಹೆಚ್ಚಿನ ಕಡೆ ಮೂವರು ಮಕ್ಕಳು ಒಟ್ಟಿಗೆ ಕೂರುತ್ತಾರೆ.

ಹೆಸರಿನ ಕೀಚೈನಿನಿಂದ ಆರಂಭಿಸುವ ರೂಢಿಯನ್ನು ನಾನು ಬೇಕೆಂದೇ ಬಿಟ್ಟೆ. ಕೀಚೈನಿಗೆ ಯಾವ ಅಳತೆ ಇದ್ದರೂ ನಡೆಯುತ್ತದೆ, ಹೀಗಾಗಿ ಅದು ತಪ್ಪಾಯಿತೆಂದು ಮಕ್ಕಳಿಗೆ ತಿಳಿಯುವ ದಾರಿಯೇ ಇಲ್ಲ. ನಮ್ಮ ಲ್ಯಾಬಿನ ಸ್ಟೂಲುಗಳ ಕಾಲಿನ ರಬ್ಬರ್ ಬುಷ್‌ಗಳು ಉದುರಿಹೋಗಿ, ಎಳೆದಾಗಲೆಲ್ಲ ನೆಲ ಕೀರುತ್ತಿತ್ತು. ಆ ಕಾಲುಗಳಿಗೆ ಟೋಪಿ ಮಾಡುವುದನ್ನೇ ಕೆಲಸವಾಗಿ ಕೊಟ್ಟೆ. ಅರ್ಧದಷ್ಟು ಸ್ಟೂಲುಗಳ ಕಾಲು ಚೌಕ ಪೈಪಿನದು, ಉಳಿದವುಗಳದು ದುಂಡು ಪೈಪಿನದು. ಭೌತಶಾಸ್ತ್ರದ ವರ್ನಿಯರ್‌ನಿಂದ ಮಕ್ಕಳು ಅಳೆದಾಗ ಎರಡೂ 25.0 ಮಿಮೀ ಬಂದವು.

ಚೌಕ ಟೋಪಿಗೆ ಹೊರಗಿನ ಅಳತೆ 30, ಎತ್ತರ 18, ತಳದ ದಪ್ಪ 3 ಮಿಮೀ ಎಂದು ನಿಶ್ಚಯಿಸಿದೆವು. ಒಳಗಿನ ತೂತನ್ನು ಮೊದಲ ಸಲ 25 ಎಂದೇ ಇಟ್ಟಾಗ ಅದು ಪೈಪಿನ ಬಾಯಿಗೇ ಹತ್ತಲಿಲ್ಲ. 25.4 ಎಂದು ಬದಲಿಸಿದ ಮೇಲೆ ಅಂಗೈಯಿಂದ ಒತ್ತಿದರೆ ಕೂರುವಷ್ಟು ಸರಿಯಾಯಿತು. ದುಂಡು ಟೋಪಿಗೂ ಅದೇ 25.4 ಕೊಟ್ಟೆವು. ಮೂರು ಆಯಾಮದ ಮುದ್ರಣಯಂತ್ರದಲ್ಲಿ ಒಂದು ಗಂಟೆಯ ಹತ್ತಿರ ಮುದ್ರಿಸಿದ ಟೋಪಿ ಪೈಪಿನ ಅಂಚಿನಲ್ಲಿಯೇ ನಿಂತುಬಿಟ್ಟಿತು. ಒಂದೇ ಮುದ್ರಣಯಂತ್ರ, ಒಂದೇ ಪ್ಲಾಸ್ಟಿಕ್ಕು, ಒಂದೇ ಸಡಿಲು. ಹಾಗಿದ್ದೂ ಚೌಕಕ್ಕೆ ಹಿಡಿಸಿದ್ದು ದುಂಡಿಗೆ ಏಕೆ ಹಿಡಿಸಲಿಲ್ಲ?

ಎರಡನೆಯ ತೊಡಕೂ ಇದೆ. ಮೂರು ಗುಂಪುಗಳ ಟೋಪಿಯಲ್ಲಿ ತೂತೇ ಇರಲಿಲ್ಲ. ತೂತು ಇಟ್ಟಿದ್ದೇವೆಂದು ಮಕ್ಕಳು ಖಂಡಿತವಾಗಿ ಹೇಳುತ್ತಾರೆ, ನಾನೂ ಪರದೆಯ ಮೇಲೆ ಅದನ್ನು ನೋಡಿದ್ದೆ. ಆದರೆ ಮುದ್ರಿತವಾಗಿ ಬಂದದ್ದು ಮುಚ್ಚಿದ ಡಬ್ಬಿ. ಒಬ್ಬ ಹುಡುಗಿ ಅದನ್ನು ಉಗುರಿನಿಂದ ಕುಟ್ಟಿ, "ಟೀಚರ್, ಒಳಗೆ ಟೊಳ್ಳಿದೆ" ಎಂದಳು. ಕೊಯ್ದು ನೋಡಿದರೆ ಅವಳ ಮಾತು ನಿಜವಾಗಿತ್ತು.

ಬಿ.ಇ. ಮೂರನೆಯ ವರ್ಷ

ಮೇಡಂ, ಇದು ಪ್ಲಾಸ್ಟಿಕ್ಕಿನ ಕುಗ್ಗುವಿಕೆ. ಪಿಎಲ್‌ಎ ಬಿಸಿಯಾಗಿ ಹೊರಬಂದು ತಣ್ಣಗಾಗುವಾಗ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ತೂತುಗಳು ಯಾವಾಗಲೂ ಕೊಟ್ಟ ಅಳತೆಗಿಂತ ಚಿಕ್ಕದಾಗಿಯೇ ಬರುತ್ತವೆ. ನನ್ನ ಯಂತ್ರದಲ್ಲಿ ಇದನ್ನು ಎಷ್ಟೋ ಸಲ ಕಂಡಿದ್ದೇನೆ. ಸ್ಲೈಸರಿನಲ್ಲಿ ಇಡೀ ಮಾದರಿಯನ್ನು ಶೇಕಡಾ 102ಕ್ಕೆ ಹಿಗ್ಗಿಸಿ ಮುದ್ರಿಸಿದರೆ ನಿಮ್ಮ ಸಮಸ್ಯೆ ಪರಿಹಾರವಾಗುತ್ತದೆ.

ಪೀಣ್ಯದ ಟೂಲ್ ರೂಮ್

ನಾನು ಇಪ್ಪತ್ತು ವರ್ಷದಿಂದ ಅಚ್ಚುಗಳ ವಿನ್ಯಾಸ ಮಾಡುತ್ತಿದ್ದೇನೆ. ತಮ್ಮ ಹೇಳಿದ ಕುಗ್ಗುವಿಕೆ ಸುಳ್ಳಲ್ಲ. ಆದರೆ ಮೇಡಂ ಕೇಳಿದ ಪ್ರಶ್ನೆಗೆ ಅದು ಉತ್ತರವಾಗುವುದಿಲ್ಲ. ಕುಗ್ಗುವಿಕೆಯೇ ಕಾರಣವಾಗಿದ್ದರೆ ಚೌಕವೂ ಸಿಕ್ಕಿಬೀಳಬೇಕಾಗಿತ್ತು. ಚೌಕಕ್ಕೆ ಹಿಡಿಸಿ ದುಂಡಿಗೆ ಹಿಡಿಸದಿದ್ದರೆ, ದುಂಡಿನಲ್ಲಿ ಮಾತ್ರ ಇರುವ ಕಾರಣವನ್ನು ಹುಡುಕಬೇಕು.

ಮೇಡಂ, ದುಂಡು ತೂತಿಗೆ ಬಳಸಿದ ಸಿಲಿಂಡರನ್ನು ಆಯ್ಕೆ ಮಾಡಿ, ಬಲಗಡೆ ತೆರೆಯುವ ಪಟ್ಟಿಯಲ್ಲಿ `Sides` ಎಂಬಲ್ಲಿ ಎಷ್ಟಿದೆ ಎಂದು ನೋಡಿ. ಯಾರೂ ಮುಟ್ಟಿಲ್ಲದಿದ್ದರೆ ಅದು 20 ಇರುತ್ತದೆ. ಅಂದರೆ ನೀವು ವೃತ್ತವೆಂದುಕೊಂಡಿರುವುದು ನಿಜದಲ್ಲಿ ಇಪ್ಪತ್ತು ಬದಿಯ ಬಹುಭುಜ. ಅದರ ಮೂಲೆಯಿಂದ ಎದುರು ಮೂಲೆಗೆ 25.4 ಇದ್ದರೆ, ಚಪ್ಪಟೆ ಬದಿಯಿಂದ ಎದುರು ಬದಿಗೆ ಅಷ್ಟಿರುವುದಿಲ್ಲ. ಲೆಕ್ಕ ಹಾಕಿದರೆ ಅದು 25.09 ಆಗುತ್ತದೆ. ದುಂಡು ಪೈಪು ತಾಗುವುದು ಮೂಲೆಗಳಿಗಲ್ಲ, ಈ ಚಪ್ಪಟೆ ಬದಿಗಳ ನಡುಭಾಗಕ್ಕೆ. ನೀವು 0.4 ಮಿಮೀ ಸಡಿಲು ಕೊಟ್ಟಿದ್ದೀರೆಂದು ತಿಳಿದಿದ್ದೀರಿ, ನಿಜವಾಗಿ ಕೊಟ್ಟದ್ದು 0.1ಕ್ಕಿಂತಲೂ ಕಡಿಮೆ. ಅದನ್ನು ಯಾವ ಶಾಲೆಯ ಯಂತ್ರವೂ ಉಳಿಸಿಕೊಡಲಾರದು. `Sides` ಅನ್ನು 64ಕ್ಕೆ ಏರಿಸಿದರೆ ಬದಿಯಿಂದ ಬದಿಗೆ 25.37 ಸಿಗುತ್ತದೆ, ಅಂದರೆ ಕೊಟ್ಟ ಸಡಿಲು ಬಹುಪಾಲು ಉಳಿಯುತ್ತದೆ.

ಇಡೀ ಮಾದರಿಯನ್ನು ಶೇಕಡಾ 102ಕ್ಕೆ ಹಿಗ್ಗಿಸುವುದನ್ನು ಮಕ್ಕಳಿಗೆ ದಯವಿಟ್ಟು ಕಲಿಸಬೇಡಿ. ಹಾಗೆ ಮಾಡಿದರೆ ತೂತಿನೊಡನೆ ಹೊರ ಅಳತೆ, ಎತ್ತರ, ತಳ ಎಲ್ಲವೂ ಬದಲಾಗುತ್ತವೆ, ತಪ್ಪು ಎಲ್ಲಿತ್ತು ಎಂಬುದು ಮಾತ್ರ ಮುಚ್ಚಿಹೋಗುತ್ತದೆ.

ಏಳನೆಯ ತರಗತಿಗೆ ಇದನ್ನು ತೋರಿಸಲು ಕೋಸೈನ್ ಬೇಕಾಗಿಲ್ಲ. ಕೈವಾರದಿಂದ 5 ಸೆಂಮೀ ತ್ರಿಜ್ಯದ ವೃತ್ತ ಎಳೆಯಲಿ, ಅದೇ ಅಗಲದಲ್ಲಿ ಸುತ್ತಲೂ ಆರು ಗುರುತು ಹಾಕಿ ಷಡ್ಭುಜ ಮಾಡಲಿ. ಮೂಲೆಯಿಂದ ಮೂಲೆಗೆ 10 ಸೆಂಮೀ ಬರುತ್ತದೆ, ಬದಿಯಿಂದ ಬದಿಗೆ ಅಳೆದರೆ ಸುಮಾರು 8.7 ಸೆಂಮೀ. ಬದಿಗಳು ಹೆಚ್ಚಿದಷ್ಟೂ ಈ ಕೊರತೆ ಕಡಿಮೆಯಾಗುತ್ತದೆ ಎಂಬುದನ್ನು ಹನ್ನೆರಡು ಬದಿ ಎಳೆದು ಅವರೇ ಕಂಡುಕೊಳ್ಳುತ್ತಾರೆ.

ವಿಜ್ಞಾನ ಶಿಕ್ಷಕಿ

ಸರ್, ನೀವು ಹೇಳಿದಂತೆಯೇ ಎಲ್ಲ ಗುಂಪುಗಳಲ್ಲಿಯೂ 20 ಇತ್ತು. ಷಡ್ಭುಜವನ್ನು ಮಕ್ಕಳೇ ಎಳೆದರು. ಒಬ್ಬ ಹುಡುಗ ಬಳೆಯೊಂದನ್ನು ತಂದು ಷಡ್ಭುಜದೊಳಗೆ ಇಟ್ಟು ಆರು ಕಡೆ ಒತ್ತುವುದನ್ನು ತೋರಿಸಿದ. 64 ಬದಿ ಮಾಡಿದ ಮೇಲೆ ಎರಡು ಗುಂಪುಗಳ ದುಂಡು ಟೋಪಿ ಪೈಪಿಗೆ ಉಜ್ಜಿಕೊಂಡು ಕುಳಿತಿತು.

ಒಂದು ಗುಂಪಿನದು ಮಾತ್ರ ಆಗಲೂ ಕೂರಲಿಲ್ಲ. ಅವರ ಸಿಲಿಂಡರಿನ ಅಗಲ 25.4 ಇತ್ತು, ಉದ್ದ 25 ಇತ್ತು. ಹಿಡಿ ಎಳೆದು 25 ಮಾಡಿದ್ದ ಸಿಲಿಂಡರಿನಲ್ಲಿ ಒಂದು ದಿಕ್ಕಿನ ಅಂಕಿಯನ್ನಷ್ಟೇ 25.4 ಎಂದು ಟೈಪ್ ಮಾಡಿದ್ದರು. ತೂತು ಮೊಟ್ಟೆಯಾಕಾರವಾಗಿತ್ತು, ಆದರೆ 0.4 ಮಿಮೀ ವ್ಯತ್ಯಾಸ ಪರದೆಯಲ್ಲಿ ಕಣ್ಣಿಗೆ ಕಾಣುವುದಿಲ್ಲ. ಅಂದಿನಿಂದ ಎಳೆಯಬೇಡಿ, ಎರಡೂ ದಿಕ್ಕಿನ ಅಂಕಿಯನ್ನು ಟೈಪ್ ಮಾಡಿ ಎಂದು ನಿಯಮ ಮಾಡಿದ್ದೇನೆ. ಎಳೆಯುವಾಗ ಅಳತೆ ಒಂದೊಂದು ಮಿಮೀ ಜಿಗಿಯುವುದರಿಂದ 25.4 ಹೇಗಿದ್ದರೂ ಎಳೆದು ಸಿಗುವುದಿಲ್ಲ.

ಮೈಸೂರಿನ ಪೋಷಕ

ಈ ಚರ್ಚೆಯನ್ನು ನೋಡಿ ನನಗೂ ಕೇಳಬೇಕೆನಿಸಿತು. ನನ್ನ ಮಗಳಿಗೆ ಒಂಬತ್ತು ವರ್ಷ. ಅವಳು ಟಿಂಕರ್‌ಕ್ಯಾಡಿನಲ್ಲಿ ಮನೆಯೊಂದನ್ನು ಮಾಡಿದ್ದಾಳೆ. ಮುಂದಿನಿಂದ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ತಿರುಗಿಸಿದರೆ ಬಾಗಿಲು ಗೋಡೆಯಿಂದ ದೂರ ಗಾಳಿಯಲ್ಲಿ ನಿಂತಿದೆ, ಛಾವಣಿ ಮನೆಯ ಹಿಂದೆ ಎಲ್ಲಿಯೋ ಇದೆ. ಅವಳಿಗೆ ಈ ವಯಸ್ಸಿನಲ್ಲಿ ಇದು ಹತ್ತುವುದಿಲ್ಲವೋ ಏನೋ ಎಂಬ ಅನುಮಾನ ನನಗೆ. ಇದನ್ನು ಬಿಟ್ಟು ನೇರವಾಗಿ ಆಟೋಕ್ಯಾಡ್ ತರಗತಿಗೆ ಸೇರಿಸಿದರೆ ಮುಂದೆ ಎಂಜಿನಿಯರಿಂಗಿಗೆ ಅನುಕೂಲವಾಗುತ್ತದೆಯೇ? ಮುದ್ರಣಯಂತ್ರವನ್ನೂ ಕೊಂಡುಬಿಡಲೇ?

ಚಿತ್ರಕಲಾ ಶಿಕ್ಷಕ

ಪೋಷಕರೇ, ನಿಮ್ಮ ಮಗಳಿಗೆ ಆಗಿರುವುದು ವಯಸ್ಸಿನ ದೋಷವಲ್ಲ. ಮೇಡಂ ಅವರ ಎರಡನೆಯ ಪ್ರಶ್ನೆಯೂ ಇದೇ ಜಾತಿಗೆ ಸೇರಿದ್ದರಿಂದ ಎರಡಕ್ಕೂ ಒಟ್ಟಿಗೆ ಬರೆಯುತ್ತೇನೆ. ಆಟೋಕ್ಯಾಡಿಗೆ ಸೇರಿಸಿದರೂ ಈ ತೊಡಕು ಅವಳ ಹಿಂದೆಯೇ ಬರುತ್ತದೆ, ಮುದ್ರಣಯಂತ್ರ ಸದ್ಯಕ್ಕೆ ಬೇಡ.

ಮಕ್ಕಳು ಪರದೆಯನ್ನು ಕಾಗದವೆಂದು ಓದುತ್ತಾರೆ. ಕಾಗದದಲ್ಲಿ ಬಾಗಿಲಿನ ಚಿತ್ರ ಗೋಡೆಯ ಚಿತ್ರದ ಮೇಲಿದ್ದರೆ ಬಾಗಿಲು ಗೋಡೆಯಲ್ಲಿಯೇ ಇದೆ. ಇಲ್ಲಿ ಬಾಗಿಲು ಗೋಡೆಯ ಮುಂದೆ ಒಂದು ಗೇಣು ದೂರದಲ್ಲಿದ್ದರೂ, ಒಂದೇ ಕೋನದಿಂದ ನೋಡುವವರಿಗೆ ಅಂಟಿಕೊಂಡಂತೆಯೇ ಕಾಣುತ್ತದೆ. ಹತ್ತಿರದ್ದನ್ನು ದೊಡ್ಡದಾಗಿ, ದೂರದ್ದನ್ನು ಚಿಕ್ಕದಾಗಿ ತೋರಿಸುವ ನೋಟ ಈ ಭ್ರಮೆಯನ್ನು ಹೆಚ್ಚಿಸುತ್ತದೆ. ಆದ್ದರಿಂದ ನಾನು ಮೊದಲ ದಿನವೇ ಎಡಗಡೆಯ ಗುಂಡಿಯಿಂದ ಸಮಾಂತರ ನೋಟಕ್ಕೆ ಬದಲಿಸಲು ಹೇಳುತ್ತೇನೆ, ಅನಂತರ ಮೇಲ್ಮೂಲೆಯ ಘನದಲ್ಲಿ `TOP`, `FRONT`, `RIGHT` ಮುಖಗಳನ್ನು ಒತ್ತಿ ಮೂರು ನೋಟಗಳನ್ನು ಪುಸ್ತಕದಲ್ಲಿ ಬಿಡಿಸಿಸುತ್ತೇನೆ. ಮೂರೂ ನೋಟದಲ್ಲಿ ಬಾಗಿಲು ಗೋಡೆಗೆ ತಾಗಿದ್ದರೆ ಮಾತ್ರ ಅದು ತಾಗಿದೆ. ಮಗಳಿಗೆ ಮನೆಯನ್ನು ಮೇಲಿನಿಂದ ನೋಡಲು ಹೇಳಿ, ಯಾವುದು ಎಲ್ಲಿಗೆ ಸರಿಯಬೇಕೆಂದು ಅವಳೇ ಹೇಳುತ್ತಾಳೆ. ಹಾಗೆಯೇ ನಡುವಿನ ಚಕ್ರವಿರುವ ಒಂದು ಮೌಸ್ ಕೊಡಿಸಿ. ಲ್ಯಾಪ್‌ಟಾಪಿನ ಸ್ಪರ್ಶಫಲಕದಲ್ಲಿ ನೋಟವನ್ನು ತಿರುಗಿಸುವುದು ಕಷ್ಟವಾಗುವುದರಿಂದ ಮಕ್ಕಳು ತಿರುಗಿಸುವುದನ್ನೇ ಬಿಟ್ಟುಬಿಡುತ್ತಾರೆ.

ಇನ್ನು ತೂತಿನ ವಿಷಯ. ಈ ಉಪಕರಣದಲ್ಲಿ ಮಕ್ಕಳಿಗೆ ಅತ್ಯಂತ ವಿಚಿತ್ರವೆನಿಸುವುದು ಇದೇ ಎಂಬುದು ನನ್ನ ಅನುಭವ. ನಮ್ಮ ಬದುಕಿನಲ್ಲಿ ತೂತು ಎಂದರೆ ಏನೂ ಇಲ್ಲದ ಜಾಗ. ಇಲ್ಲಿ ತೂತು ಒಂದು ವಸ್ತು. ಅದಕ್ಕೆ ಉದ್ದ, ಅಗಲ, ಎತ್ತರ ಇವೆ, ಅದನ್ನು ಹಿಡಿದು ಸರಿಸಬಹುದು, ಮೇಲೆತ್ತಬಹುದು. ಬೂದು ಪಟ್ಟೆಗಳ ಆ ವಸ್ತುವನ್ನು ಗಟ್ಟಿ ವಸ್ತುವಿನೊಳಗೆ ಇಟ್ಟು ಎರಡನ್ನೂ ಒಂದುಗೂಡಿಸಿದಾಗ ಅದು ತನ್ನ ಆಕಾರವನ್ನು ಕೊರೆದು ತಾನು ಮಾಯವಾಗುತ್ತದೆ. ನಾನು ಇದನ್ನು ಜೇಡಿಮಣ್ಣಿನಲ್ಲಿ ತೋರಿಸುತ್ತೇನೆ. ಹಸಿ ಮಣ್ಣಿನ ಮುದ್ದೆಗೆ ಬೆಂಕಿಪೊಟ್ಟಣವನ್ನು ಒತ್ತಿ ಹೊರತೆಗೆದರೆ ಬೆಂಕಿಪೊಟ್ಟಣದ ಆಕಾರದ ಗುಂಡಿ ಉಳಿಯುತ್ತದೆ. ಟಿಂಕರ್‌ಕ್ಯಾಡಿನ `Hole` ಎಂಬುದು ಗುಂಡಿಯಲ್ಲ, ಆ ಬೆಂಕಿಪೊಟ್ಟಣ ಎಂದು ಹೇಳಿದ ಮೇಲೆ ಮಕ್ಕಳ ಪ್ರಶ್ನೆಗಳೇ ಬದಲಾಗುತ್ತವೆ. ಎಷ್ಟು ಆಳ ಒತ್ತಬೇಕು, ಯಾವ ಕಡೆಯಿಂದ ಒತ್ತಬೇಕು ಎಂದು ಕೇಳತೊಡಗುತ್ತಾರೆ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಪರದೆಯನ್ನು ಮುಟ್ಟುವ ಮೊದಲು ಎರಡು ವಾರವಾದರೂ ಮಣ್ಣು, ಸಾಬೂನು ಮತ್ತು ಕಾಗದದಲ್ಲಿ ಕೆಲಸ ನಡೆಯಬೇಕು.

ಪೀಣ್ಯದ ಟೂಲ್ ರೂಮ್

ಮೇಷ್ಟ್ರೇ, ಬೆಂಕಿಪೊಟ್ಟಣದ ಹೋಲಿಕೆ ಬಹಳ ಒಳ್ಳೆಯದು, ನಮ್ಮ ಹೊಸ ಹುಡುಗರಿಗೂ ಇನ್ನು ಹಾಗೆಯೇ ಹೇಳುತ್ತೇನೆ. ಎರಡು ವಾರ ಪರದೆ ಮುಟ್ಟಿಸಬಾರದೆಂಬುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಮಣ್ಣು ಒಂದು ಬದಿಯಲ್ಲಿ, ಪರದೆ ಇನ್ನೊಂದು ಬದಿಯಲ್ಲಿ, ಒಂದೇ ದಿನ ಇರಲಿ. ಮಣ್ಣಿನಲ್ಲಿ ಕಂಡದ್ದನ್ನು ಹತ್ತು ನಿಮಿಷದೊಳಗೆ ಪರದೆಯಲ್ಲಿ ಮಾಡದಿದ್ದರೆ ಎರಡರ ಸಂಬಂಧ ಮಗುವಿನ ತಲೆಯಲ್ಲಿ ಕೂಡುವುದಿಲ್ಲ.

ಮೇಡಂ ಅವರ ಟೊಳ್ಳು ಡಬ್ಬಿಗೆ ಬರುತ್ತೇನೆ. ಒಂದು ಪ್ರಶ್ನೆ: ಆ ಮೂರು ಗುಂಪುಗಳು ತೂತಿನ ಎತ್ತರವನ್ನು 15 ಎಂದು ಇಟ್ಟಿದ್ದವೇ? ಇಟ್ಟಿದ್ದರೆ ನಡೆದದ್ದು ಹೀಗೆ. ಎತ್ತರ 18, ತಳ 3, ಆದ್ದರಿಂದ ತೂತು 15 ಎಂದು ಮಕ್ಕಳು ಕಳೆಯುವ ಲೆಕ್ಕ ಸರಿಯಾಗಿಯೇ ಮಾಡಿದ್ದಾರೆ. ಅನಂತರ ಎರಡನ್ನೂ ಆಯ್ಕೆ ಮಾಡಿ `L` ಒತ್ತಿದಾಗ ನೆಲದ ಎರಡು ದಿಕ್ಕಿನಲ್ಲಿ ಮೂರು ಮೂರು ಚುಕ್ಕೆ, ನಿಲುವಿನ ದಿಕ್ಕಿನಲ್ಲಿಯೂ ಮೂರು ಚುಕ್ಕೆ ಕಾಣುತ್ತವೆ. ಮಕ್ಕಳು ಎಲ್ಲ ದಿಕ್ಕಿನಲ್ಲಿಯೂ ನಡುವಿನ ಚುಕ್ಕೆಯನ್ನೇ ಒತ್ತುತ್ತಾರೆ, ಏಕೆಂದರೆ ನಡುವೆ ತರುವುದು ಎಂದು ನಾವೇ ಹೇಳಿಕೊಟ್ಟಿರುತ್ತೇವೆ. ಆಗ 15 ಎತ್ತರದ ತೂತು 18 ಎತ್ತರದ ಪೆಟ್ಟಿಗೆಯ ಹೊಟ್ಟೆಯೊಳಗೆ ಸೇರಿ, ಮೇಲೆ ಒಂದೂವರೆ, ಕೆಳಗೆ ಒಂದೂವರೆ ಮಿಮೀ ಉಳಿಯುತ್ತದೆ. ಒಂದುಗೂಡಿಸಿದ ಕೂಡಲೇ ಹೊರಗಿನಿಂದ ಗಟ್ಟಿ ಪೆಟ್ಟಿಗೆಯಷ್ಟೇ ಕಾಣುತ್ತದೆ.

ಕ್ರಮ ಹೀಗಿರಲಿ. ತೂತಿನ ಎತ್ತರವನ್ನು 15 ಅಲ್ಲ, 18 ಮಾಡಿ. ನೆಲದ ಎರಡು ದಿಕ್ಕುಗಳಲ್ಲಿ ಮಾತ್ರ ನಡುವಿಗೆ ತನ್ನಿ, ನಿಲುವಿನ ಚುಕ್ಕೆಗಳನ್ನು ಮುಟ್ಟಬೇಡಿ. ಅನಂತರ ತೂತನ್ನಷ್ಟೇ ಆಯ್ಕೆ ಮಾಡಿ `Ctrl` ಹಿಡಿದು ಮೇಲ್ಬಾಣವನ್ನು ಮೂರು ಸಲ ಒತ್ತಿದರೆ ಅದು ನೆಲದಿಂದ 3 ಮಿಮೀ ಮೇಲೇಳುತ್ತದೆ. ಈಗ ತೂತಿನ ತಲೆ ಪೆಟ್ಟಿಗೆಯಿಂದ 3 ಮಿಮೀ ಹೊರಗೆ ಚಾಚಿಕೊಂಡಿರುತ್ತದೆ. ಹಾಗೆ ಚಾಚಿರುವುದು ಬೇಕು. ತೂತಿನ ತಲೆ ಪೆಟ್ಟಿಗೆಯ ತಲೆಯೊಡನೆ ಸರಿಸಮವಾಗಿ ನಿಂತರೆ ಬಾಯಿಯ ಮೇಲೆ ಹಾಳೆಯಂತಹ ಪೊರೆಯೊಂದು ಮಿನುಗುವುದನ್ನು ಕೆಲವೊಮ್ಮೆ ಕಾಣುತ್ತೀರಿ. ಎರಡು ಮುಖಗಳು ಒಂದೇ ಸಮತಲದಲ್ಲಿದ್ದಾಗ ಬಾಯಿ ತೆರೆದಿದೆಯೋ ಇಲ್ಲವೋ ಎಂದು ಕಣ್ಣಿಗೆ ತಿಳಿಯುವುದಿಲ್ಲ. ಬೆಂಕಿಪೊಟ್ಟಣವನ್ನು ಮಣ್ಣಿನಿಂದ ಹೊರಗೆ ಎಳೆಯಲು ಹಿಡಿ ಬೇಕಲ್ಲವೇ, ಅದು ಹಾಗೆ.

ಮುದ್ರಿಸುವ ಮೊದಲು ಕಂಡುಹಿಡಿಯಲು ಎರಡು ದಾರಿಗಳಿವೆ. ಒಂದುಗೂಡಿಸಿದ ವಸ್ತುವಿನ ಬಣ್ಣದ ಪಟ್ಟಿಯಲ್ಲಿ `Transparent` ಎಂಬುದನ್ನು ಗುರುತು ಮಾಡಿದರೆ ಒಳಗಿನ ಟೊಳ್ಳು ಗಾಜಿನ ಮೂಲಕ ಕಂಡಂತೆ ಕಾಣುತ್ತದೆ. ಸ್ಲೈಸರಿನಲ್ಲಿ ಪದರಗಳ ಪಟ್ಟಿಯನ್ನು ಮೇಲಿನವರೆಗೆ ಎಳೆದರೆ ಕೊನೆಯ ಪದರ ಚೌಕಟ್ಟಾಗಿರಬೇಕು. ತುಂಬಿದ ಚೌಕವಾಗಿದ್ದರೆ ಬಾಯಿ ಮುಚ್ಚಿದೆ ಎಂದರ್ಥ.

ವಿಜ್ಞಾನ ಶಿಕ್ಷಕಿ

ಹೌದು ಸರ್, ಮೂರೂ ಗುಂಪುಗಳಲ್ಲಿ 15 ಇತ್ತು. ಅವರ ಕಳೆಯುವ ಲೆಕ್ಕ ಸರಿಯಾಗಿತ್ತೆಂದು ತಿಳಿದು ನನಗೆ ಸಮಾಧಾನವಾಯಿತು, ಏಕೆಂದರೆ ಆ ಮಕ್ಕಳನ್ನು ಗಮನವಿಲ್ಲದವರೆಂದು ನಾನು ಗದರಿಸಿದ್ದೆ. ಮರುದಿನ ತರಗತಿಯ ಮುಂದೆ ಅವರ ಲೆಕ್ಕವನ್ನೇ ಹಲಗೆಯ ಮೇಲೆ ಬರೆದು, ಅದು ಸರಿ, ಎಡವಿದ್ದು ನಿಲುವಿನ ಚುಕ್ಕೆಯಲ್ಲಿ ಎಂದು ವಿವರಿಸಿದೆ.

ಮೂವರಿಗೆ ಒಂದು ಮೌಸ್ ಇರುವುದರಿಂದ ಈಗ ಕೆಲಸವನ್ನು ಹಂಚಿದ್ದೇನೆ. ಒಬ್ಬರು ವರ್ನಿಯರ್ ಹಿಡಿದು ಅಳೆಯುತ್ತಾರೆ, ಒಬ್ಬರು ಮೂರು ನೋಟ ಬಿಡಿಸಿ ಅಂಕಿ ಬರೆಯುತ್ತಾರೆ, ಮೂರನೆಯವರು ಆ ಚಿತ್ರವನ್ನಷ್ಟೇ ನೋಡಿ ಪರದೆಯಲ್ಲಿ ಕಟ್ಟುತ್ತಾರೆ. ಚಿತ್ರದಲ್ಲಿ ಇಲ್ಲದ ಅಂಕಿಯನ್ನು ಬಾಯಲ್ಲಿ ಹೇಳುವಂತಿಲ್ಲ. ಹತ್ತು ನಿಮಿಷಕ್ಕೊಮ್ಮೆ ಸ್ಥಾನ ಬದಲಾಗುತ್ತದೆ. ತಳದ ದಪ್ಪ ಬರೆಯುವುದನ್ನು ಮರೆತ ಗುಂಪು ಅಲ್ಲಿಯೇ ಸಿಕ್ಕಿಬೀಳುತ್ತದೆ.

ಕೈತೋಟದ ಟೀಚರ್

ನಾನು ಕಿರಿಯ ಪ್ರಾಥಮಿಕ ಶಾಲೆಯವಳು. ನಮ್ಮ ಕೈತೋಟದ ಗಿಡಗಳಿಗೆ ಕನ್ನಡದ ಹೆಸರು ಫಲಕ ಮಾಡಿಸಿದಾಗ ಕಂಡದ್ದನ್ನು ಹೇಳಬೇಕೆನಿಸಿತು. ತೂತಿನ ಮಾತು ಬಂದಿದ್ದರಿಂದ ಇದಕ್ಕೂ ಸಂಬಂಧವಿದೆ.

ಕನ್ನಡದ ಅಕ್ಷರಗಳನ್ನು ನಾವು ಇಂಕ್‌ಸ್ಕೇಪಿನಲ್ಲಿ ಬರೆದು, `Path > Object to Path` ಕೊಟ್ಟು ಎಸ್‌ವಿಜಿ ಕಡತವಾಗಿ ಉಳಿಸಿ, ಅದನ್ನು ಟಿಂಕರ್‌ಕ್ಯಾಡಿಗೆ ತಂದೆವು. ಆ ಆಜ್ಞೆ ಕೊಡದಿದ್ದರೆ ಕಡತದಲ್ಲಿ ಅಕ್ಷರದ ಆಕಾರ ಇರುವುದಿಲ್ಲ, ಯಾವ ಅಕ್ಷರ ಎಂಬ ಮಾಹಿತಿಯಷ್ಟೇ ಇರುತ್ತದೆ. 'ಕೊತ್ತಂಬರಿ'ಯನ್ನು ಫಲಕವಿಲ್ಲದೆ ಅಕ್ಷರಗಳನ್ನಷ್ಟೇ ಮುದ್ರಿಸಿದಾಗ ತ ಒತ್ತು ಬಿಡಿಯಾಗಿ ಕೈಗೆ ಬಂತು. 2 ಮಿಮೀ ದಪ್ಪದ ಫಲಕದ ಮೇಲೆ ಅಕ್ಷರಗಳನ್ನು ಕೂರಿಸಿದ ಮೇಲೆ ಸರಿಹೋಯಿತು.

ಗೋಡೆಗೆ ಬಣ್ಣ ಬಳಿಯಲು 'ಪಾಠಶಾಲೆ' ಎಂದು ಕೊರೆದ ಫಲಕ ಮಾಡಿದಾಗ ಇನ್ನೂ ಸ್ವಾರಸ್ಯವಾಯಿತು. ಅಕ್ಷರಗಳನ್ನೇ ತೂತು ಮಾಡಿ ಆರಪಾರ ಕೊರೆದರೆ ಠ ಅಕ್ಷರದ ಒಳಗಿನ ಜಾಗ, ಅದರ ನಡುವಿನ ಚುಕ್ಕೆ ಎರಡರ ಗತಿ ಏನಾಗುತ್ತದೆ ಎಂದು ಮಕ್ಕಳನ್ನು ಮೊದಲೇ ಕೇಳಿದೆ. ಚುಕ್ಕೆ ಉದುರುತ್ತದೆ ಎಂದು ಹೆಚ್ಚಿನವರು ಹೇಳಿದರು. ನಾಲ್ಕನೆಯ ತರಗತಿಯ ಒಬ್ಬ ಹುಡುಗ, "ಚುಕ್ಕೆ ತೂತು ಟೀಚರ್, ಉದುರುವುದು ಚುಕ್ಕೆಯ ಸುತ್ತಲಿನ ಬಳೆ" ಎಂದ. ಅವನೇ ಸರಿ. ವೃತ್ತ ತೂತು, ಚುಕ್ಕೆ ತೂತು, ಅವೆರಡರ ನಡುವೆ ಉಳಿಯುವ ಬಳೆಗೆ ಹಿಡಿದುಕೊಳ್ಳಲು ಏನೂ ಇಲ್ಲ. ಒಂದೂವರೆ ಮಿಮೀ ಅಗಲದ ಸಣ್ಣ ಪೆಟ್ಟಿಗೆಯನ್ನು ಸೇತುವೆಯಂತೆ ಅಡ್ಡ ಇಟ್ಟು ಬಳೆಯನ್ನು ಫಲಕಕ್ಕೆ ಕಟ್ಟಿದೆವು. ಕೊರೆದು ಮುಗಿದ ಮೇಲೆ ಸೇತುವೆ ಸೇರಿಸಬೇಕೇ ಹೊರತು, ಎಲ್ಲವನ್ನೂ ಒಟ್ಟಿಗೆ ಒಂದುಗೂಡಿಸಿದರೆ ತೂತು ಸೇತುವೆಯನ್ನೂ ಕೊರೆದುಬಿಡುತ್ತದೆ.

ಬಿ.ಇ. ಮೂರನೆಯ ವರ್ಷ

ಟೂಲ್ ರೂಮ್ ಸರ್, ನಿಮ್ಮ ಬರಹ ಓದಿದ ಮೇಲೆ ನಾನು ಅಳೆದು ನೋಡಿದೆ. 64 ಬದಿಯ 20 ಮಿಮೀ ತೂತು ನನ್ನ ಯಂತ್ರದಲ್ಲಿ 19.7 ಬಂತು. ಬದಿಗಳ ಲೆಕ್ಕದಿಂದ ಇಷ್ಟು ಕೊರತೆ ಬರುವುದಿಲ್ಲ. ಹಾಗಾದರೆ ನನ್ನ ಮಾತಿನಲ್ಲಿಯೂ ಸ್ವಲ್ಪ ಸತ್ಯವಿದೆ ಅಲ್ಲವೇ?

ಪೀಣ್ಯದ ಟೂಲ್ ರೂಮ್

ಖಂಡಿತ ಇದೆ ತಮ್ಮ, ಅಳೆದು ಬಂದಿದ್ದಕ್ಕೆ ನನಗೆ ಸಂತೋಷ. ಉಳಿದ ಕೊರತೆ ಯಂತ್ರದ್ದು. ಅದರಲ್ಲಿಯೂ ತಣಿದು ಕುಗ್ಗುವುದು ಒಂದು ಪಾಲು ಮಾತ್ರ. ಕರಗಿದ ಎಳೆ ದುಂಡಗೆ ತಿರುಗುವಾಗ ಒಳಕ್ಕೆ ಎಳೆದುಕೊಳ್ಳುವುದು ಮತ್ತು ಮೊದಲ ಪದರ ಹಾಸಿಗೆಗೆ ಒತ್ತಿಕೊಂಡು ಅಗಲವಾಗುವುದು ಕೂಡ ಇದರಲ್ಲಿ ಸೇರಿವೆ. ಇದು ಯಂತ್ರದಿಂದ ಯಂತ್ರಕ್ಕೆ ಬೇರೆ. ಆದ್ದರಿಂದಲೇ ಎಲ್ಲರಿಗೂ ಹೊಂದುವ ಒಂದು ಶೇಕಡಾ ಅಂಕಿಯನ್ನು ಹೇಳಲು ಬರುವುದಿಲ್ಲ.

ಮೇಡಂ, ಇಡೀ ಟೋಪಿಯನ್ನು ಮುದ್ರಿಸಿ ಪರೀಕ್ಷಿಸಬೇಡಿ. 3 ಮಿಮೀ ಎತ್ತರದ ಬಳೆಗಳನ್ನು ಮಾತ್ರ ಮುದ್ರಿಸಿ, ಒಳ ಅಳತೆ 25.2, 25.4, 25.6, 25.8 ಇರಲಿ. ಬಳೆಯ ಮೇಲೆ ಒಂದು, ಎರಡು, ಮೂರು, ನಾಲ್ಕು ಗೀರು ಹಾಕಿಸಿ, ಇಲ್ಲದಿದ್ದರೆ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ನಿಮ್ಮ ಯಂತ್ರಕ್ಕೆ ಯಾವುದು ಸರಿ ಎಂದು ಮಕ್ಕಳೇ ಪೈಪಿಗೆ ತೊಡಿಸಿ ಹೇಳಲಿ.

ಚಿತ್ರಕಲಾ ಶಿಕ್ಷಕ

ಇಲ್ಲಿ ನನಗೊಂದು ಸಂದೇಹವಿದೆ. ಸಡಿಲಿನ ಅಂಕಿಯನ್ನು ಹುಡುಕಿಸುವುದು ಮೊದಲ ಪಾಠಕ್ಕೆ ಸೇರಿದ್ದೇ? ಮೂರು ನೋಟಗಳನ್ನೇ ಇನ್ನೂ ಅರಗಿಸಿಕೊಳ್ಳುತ್ತಿರುವ ಮಗುವಿಗೆ 0.2ರ ವ್ಯತ್ಯಾಸ ಹೊರೆಯಾಗುತ್ತದೆ. 25.4 ಎಂದು ಶಿಕ್ಷಕರೇ ಕೊಟ್ಟು, ಆಕಾರದ ಕಡೆ ಗಮನ ಇಡಿಸುವುದು ಮೇಲು ಎಂದು ನನಗೆ ಈಗಲೂ ಅನಿಸುತ್ತದೆ.

ಪೀಣ್ಯದ ಟೂಲ್ ರೂಮ್

ನಾನು ಒಪ್ಪಲಾರೆ ಮೇಷ್ಟ್ರೇ. ಕೊಟ್ಟ ಅಂಕಿ ಮರೆತುಹೋಗುತ್ತದೆ, ಪೈಪಿಗೆ ಸಿಕ್ಕಿಬಿದ್ದ ಬಳೆ ಮರೆಯುವುದಿಲ್ಲ. ಆದರೆ ನಾನು ತರಗತಿಯಲ್ಲಿ 32 ಮಕ್ಕಳನ್ನು ನಿಭಾಯಿಸಿದವನಲ್ಲ, ಅದನ್ನು ನೀವಿಬ್ಬರೇ ಹೇಳಬೇಕು.

ವಿಜ್ಞಾನ ಶಿಕ್ಷಕಿ

ನಾನು ಎರಡನ್ನೂ ಮಾಡಿ ನೋಡಿದೆ. ಅರ್ಧ ತರಗತಿಗೆ ಅಂಕಿ ಕೊಟ್ಟೆ, ಅರ್ಧ ತರಗತಿಗೆ ಬಳೆಗಳನ್ನು ಕೊಟ್ಟೆ. ಬಳೆಯ ಗುಂಪುಗಳು ಒಂದು ಇಡೀ ಅವಧಿ ಹಿಂದುಳಿದವು, ಆದರೆ ಟೋಪಿ ಬಿಗಿಯಾದಾಗ ನನ್ನ ಬಳಿ ಓಡಿ ಬರಲಿಲ್ಲ. ಇಷ್ಟರಿಂದ ಯಾವುದು ಮೇಲೆಂದು ಹೇಳಲು ನನಗೆ ಧೈರ್ಯವಿಲ್ಲ. ಚೌಕಕ್ಕೆ 25.4 ಸಾಕು, ದುಂಡಿಗೆ 64 ಬದಿಯೊಡನೆ 25.6 ಹಿತವಾಗಿ ಕೂರುತ್ತದೆ ಎಂದು ನಮ್ಮ ಯಂತ್ರದಲ್ಲಿ ತಿಳಿಯಿತು.

ಈಗ ಹೊಸದೊಂದು ತೊಂದರೆ. ಎಂಟು ದಿನ ಬಳಸಿದ ಮೇಲೆ ಎರಡು ಚೌಕ ಟೋಪಿಗಳು ಗೋಡೆ ಮತ್ತು ತಳ ಸೇರುವಲ್ಲಿ ಸುತ್ತಲೂ ಬಿರುಕು ಬಿಟ್ಟು ತಳ ಕಳಚಿತು. ಸ್ಟೂಲನ್ನು ಎತ್ತದೆ ಎಳೆಯುತ್ತಾರೆ. ಗೋಡೆ ದಪ್ಪ ಮಾಡೋಣವೆಂದು ಒಂದು ಗುಂಪು ಹೊರ ಅಳತೆಯನ್ನು 30ರಿಂದ 32ಕ್ಕೆ ಬದಲಿಸಿತು. ಈ ಸಲ ಟೋಪಿ ಪೈಪಿನಿಂದ ತಾನೇ ಜಾರಿ ಬೀಳುತ್ತಿದೆ.

ಪೀಣ್ಯದ ಟೂಲ್ ರೂಮ್

ಒಂದುಗೂಡಿಸಿದ ಮೇಲೆ ಹೊರ ಅಳತೆಯನ್ನು ಬದಲಿಸಿದ್ದಾರೆ. ಆಗ ತೂತೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ. ಒಳಗೆ ಅಳೆದು ನೋಡಿಸಿ, 27ರ ಸುಮಾರು ಇರುತ್ತದೆ. ಮೊದಲು `Ctrl+Shift+G` ಒತ್ತಿ ಬಿಡಿಸಬೇಕು, ಆಗ ತೂತು ಮತ್ತೆ ಬೂದು ಪಟ್ಟೆಯ ವಸ್ತುವಾಗಿ ಕಾಣಿಸಿಕೊಳ್ಳುತ್ತದೆ. ಹೊರ ಪೆಟ್ಟಿಗೆಯನ್ನು ಮಾತ್ರ 32 ಮಾಡಿ, ನೆಲದ ಎರಡು ದಿಕ್ಕಿನಲ್ಲಿ ಮತ್ತೆ ನಡುವಿಗೆ ತಂದು, ಒಂದುಗೂಡಿಸಿ. ಗೋಡೆ 3.3 ಮಿಮೀ ಆಗುತ್ತದೆ.

ಬಿರುಕು ಪದರಗಳ ನಡುವೆ ಬಿಟ್ಟಿದೆ, ಏಕೆಂದರೆ ಎಳೆದಾಗ ತಳದ ಪದರ ಮೇಲಿನ ಪದರದಿಂದ ಕೀಳುತ್ತದೆ. ಒಳಮೂಲೆಯನ್ನು ದುಂಡಗೆ ಮಾಡಿದರೆ ಬಲ ಬರುತ್ತದೆ. ಬೇಕೆಂದ ಮೂಲೆಯನ್ನಷ್ಟೇ ದುಂಡಗೆ ಮಾಡುವ ಗುಂಡಿ ಟಿಂಕರ್‌ಕ್ಯಾಡಿನಲ್ಲಿ ಇಲ್ಲ, ಆದರೆ ತೂತಿನ ಪೆಟ್ಟಿಗೆಗೆ `Radius` 1 ಕೊಟ್ಟರೆ ತೂತಿನ ಎಲ್ಲ ಅಂಚುಗಳೂ ದುಂಡಗಾಗಿ, ತಳದ ಮೂಲೆಯೂ ದುಂಡಗಾಗುತ್ತದೆ. ಪೈಪಿನ ಚೂಪು ಮೂಲೆ ಅಲ್ಲಿ ತಾಗುತ್ತದೆಯೇ ಎಂಬುದನ್ನು ಮಾತ್ರ ನೋಡಬೇಕು.

ವಿಜ್ಞಾನ ಶಿಕ್ಷಕಿ

ಅಳೆಸಿದೆ ಸರ್, ಒಳಗೆ 27.0 ಇತ್ತು. ಬಿಡಿಸಿ 32 ಮಾಡಿದ್ದಾರೆ. ನಾಲ್ಕು ಕಾಲಿನ ಒಂದೇ ಸ್ಟೂಲಿಗೆ ಎರಡು ಟೋಪಿ ದುಂಡು ಒಳಮೂಲೆಯವು, ಎರಡು ಚೂಪು ಒಳಮೂಲೆಯವು ತೊಡಿಸಿ, ಅದನ್ನು ಬಾಗಿಲ ಬಳಿ ಎಲ್ಲರೂ ಎಳೆಯುವ ಜಾಗದಲ್ಲಿ ಇಟ್ಟಿದ್ದೇವೆ. ಮುಂದಿನ ಶನಿವಾರ ಕಳಚಿ ನೋಡಿ ಇಲ್ಲಿ ಬರೆಯುತ್ತೇನೆ.